ಯಾವ ದಿನದಿಂದ ಆಸ್ತಿ? ಸಾಫ್ಟ್‌ವೇರ್ ಅಭಿವೃದ್ಧಿ ವೆಚ್ಚದ ಬಂಡವಾಳೀಕರಣದಲ್ಲಿ ದಿನಾಂಕ ಮತ್ತು ಸಾಕ್ಷ್ಯ

ಸಾಫ್ಟ್‌ವೇರ್ ಕಂಪನಿಯೊಂದು ತನ್ನ ಎಂಜಿನಿಯರುಗಳಿಗೆ ಕೊಟ್ಟ ಸಂಬಳಕ್ಕೆ ಲೆಕ್ಕಪತ್ರದಲ್ಲಿ ಎರಡು ಜಾಗಗಳಿವೆ. ಅದು ಆ ವರ್ಷದ ಲಾಭ-ನಷ್ಟ ಖಾತೆಯಲ್ಲಿ ವೆಚ್ಚವಾಗಿ ಮುಗಿದುಹೋಗಬಹುದು. ಇಲ್ಲವೇ ಬ್ಯಾಲೆನ್ಸ್ ಶೀಟಿನಲ್ಲಿ ಅಮೂರ್ತ ಆಸ್ತಿಯಾಗಿ ನಿಂತು, ಮುಂದಿನ ನಾಲ್ಕೈದು ವರ್ಷ ಕಂತುಕಂತಾಗಿ ಕರಗಬಹುದು. ಅದೇ ಜನ, ಅದೇ ಸಂಬಳ, ಅದೇ ಕೆಲಸ. ಆದರೂ ಆ ವರ್ಷದ ಲಾಭ ಬೇರೆಯಾಗುತ್ತದೆ. ನಗದು ಹರಿವಿನ ಪಟ್ಟಿಯೂ ಬದಲಾಗುತ್ತದೆ. ಆಸ್ತಿಯೆಂದು ದಾಖಲಾದ ಹಣ ಹೂಡಿಕೆ ಚಟುವಟಿಕೆಯ ತಲೆಬರಹದಡಿ ಹೋಗುವುದರಿಂದ ದೈನಂದಿನ ವ್ಯವಹಾರದ ನಗದು ಹೆಚ್ಚು ಆರೋಗ್ಯವಾಗಿ ಕಾಣುತ್ತದೆ.

ಭಾರತದಲ್ಲಿ ಈ ಆಯ್ಕೆಯನ್ನು ನಿಯಂತ್ರಿಸುವುದು ಇಂಡ್ ಎಎಸ್ 38. ಅದರ ವ್ಯಾಪ್ತಿಗೆ ಬಾರದ ಕಂಪನಿಗಳಿಗೆ ಎಎಸ್ 26 ಇದೆ. ನಮ್ಮ ಪ್ರಶ್ನೆಯ ಮಟ್ಟಿಗೆ ಎರಡರ ತಿರುಳೂ ಒಂದೇ. ಸಂಶೋಧನಾ ಹಂತದ ವೆಚ್ಚ ಎಂದಿಗೂ ಆಸ್ತಿಯಲ್ಲ. ಅಭಿವೃದ್ಧಿ ಹಂತದ ವೆಚ್ಚ ಆಸ್ತಿಯಾಗಬೇಕಾದರೆ ಕಂಪನಿ ಆರು ಸಂಗತಿಗಳನ್ನು ತೋರಿಸಿಕೊಡಬೇಕು: ಕೆಲಸ ತಾಂತ್ರಿಕವಾಗಿ ಪೂರ್ಣಗೊಳ್ಳಬಲ್ಲದು, ಪೂರ್ಣಗೊಳಿಸುವ ಉದ್ದೇಶವಿದೆ, ಬಳಸುವ ಅಥವಾ ಮಾರುವ ಸಾಮರ್ಥ್ಯವಿದೆ, ಅದರಿಂದ ಆದಾಯ ಹೇಗೆ ಬರುತ್ತದೆಂದು ಗೊತ್ತಿದೆ, ಮುಗಿಸಲು ಹಣ ಮತ್ತು ಜನ ಇದ್ದಾರೆ, ವೆಚ್ಚವನ್ನು ನಂಬಿಕೆಗೆ ಅರ್ಹವಾಗಿ ಅಳೆಯಬಹುದು. ಆರರಲ್ಲಿ ಐದು ಇದ್ದರೆ ಸಾಲದು.

ಈ ವಿಷಯದ ಚರ್ಚೆ ಸಾಮಾನ್ಯವಾಗಿ ‘ಇದು ಎಂಥ ಕೆಲಸ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕೋಡ್ ಬರೆದರೆ ಅಭಿವೃದ್ಧಿ, ಓದಿ ಯೋಚಿಸಿದರೆ ಸಂಶೋಧನೆ ಎಂಬ ಒರಟು ಗೆರೆ ಎಳೆಯುವುದು ರೂಢಿ. ಈ ಗೆರೆ ತಪ್ಪು ಎಂಬುದು ನನ್ನ ವಾದ. ಮಾನದಂಡ ನಿಜವಾಗಿ ಕೇಳುವುದು ದಿನಾಂಕವನ್ನು: ಆರೂ ಷರತ್ತುಗಳು ಒಟ್ಟಿಗೆ ಈಡೇರಿದ್ದು ಯಾವತ್ತು, ಮತ್ತು ಅವತ್ತೇ ಅದಕ್ಕೆ ದಾಖಲೆ ಹುಟ್ಟಿತ್ತೇ? ಇಂಡ್ ಎಎಸ್ 38ರ 65ನೇ ಕಂಡಿಕೆಗೆ ಹೊಂದಿಸಿದ ಉದಾಹರಣೆಯಲ್ಲೇ ಇದು ಸ್ಪಷ್ಟವಾಗಿದೆ. ಸಂಸ್ಥೆಯೊಂದು ವರ್ಷವಿಡೀ 1,000 ಖರ್ಚು ಮಾಡಿದೆ; ಡಿಸೆಂಬರ್ 1ಕ್ಕೆ ಮುಂಚೆ 900, ಆಮೇಲೆ 100. ಷರತ್ತುಗಳು ಈಡೇರಿದ್ದನ್ನು ಡಿಸೆಂಬರ್ 1ಕ್ಕೆ ತೋರಿಸಬಹುದು. ಆಸ್ತಿಯಾಗುವುದು 100 ಮಾತ್ರ. ಹಿಂದಿನ 900 ಅದೇ ವರ್ಷದ್ದೇ ಆಗಿದ್ದರೂ, ಅದೇ ಯೋಜನೆಯದ್ದೇ ಆಗಿದ್ದರೂ ಮರಳಿ ಬರುವುದಿಲ್ಲ. 71ನೇ ಕಂಡಿಕೆ ಇದನ್ನೇ ನಿಯಮವಾಗಿ ಹೇಳುತ್ತದೆ: ಒಮ್ಮೆ ವೆಚ್ಚವೆಂದು ದಾಖಲಾದದ್ದನ್ನು ಮುಂದೊಂದು ದಿನ ಆಸ್ತಿಯ ಬೆಲೆಗೆ ಸೇರಿಸುವಂತಿಲ್ಲ.

ಒಂದು ಕಲ್ಪಿತ ಪ್ರಕರಣವನ್ನು ಕೊನೆಯವರೆಗೂ ಲೆಕ್ಕಹಾಕಿ ನೋಡೋಣ. ಬೆಂಗಳೂರಿನ ಒಂದು ಸಣ್ಣ ಕಂಪನಿ ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ತಂತ್ರಾಂಶ ಮಾಡಲು ಹೊರಟಿದೆ. ಬೆಳಿಗ್ಗೆ ಆರಕ್ಕೆ ಡೈರಿಯ ಮುಂದೆ ಸಾಲು ನಿಂತಿರುತ್ತದೆ. ಕಾರ್ಯದರ್ಶಿ ಹಾಲು ಅಳೆದು, ಯಂತ್ರದಲ್ಲಿ ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ, ಕೈಯಲ್ಲಿರುವ ಸಾಧನದಲ್ಲಿ ದಾಖಲಿಸುತ್ತಾರೆ. ನೆಟ್‌ವರ್ಕ್ ಇಲ್ಲದಿದ್ದರೆ ದಾಖಲೆ ಸಾಧನದಲ್ಲೇ ಉಳಿದು, ಸಿಗ್ನಲ್ ಬಂದಾಗ ಸರ್ವರಿಗೆ ಹೋಗುತ್ತದೆ. ತೊಡಕು ಇರುವುದು ಇಲ್ಲೇ. ಅರ್ಧ ಕಳುಹಿಸಿದ ಮೇಲೆ ಸಂಪರ್ಕ ಕಡಿದರೆ ಸಾಧನ ಮತ್ತೆ ಮೊದಲಿಂದ ಕಳುಹಿಸುತ್ತದೆ, ಒಬ್ಬ ರೈತನ ಹಾಲು ಎರಡು ಸಲ ಜಮೆಯಾಗುತ್ತದೆ. ಹತ್ತು ದಿನಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಬಟವಾಡೆ ಮಾಡುವಾಗ ಈ ತಪ್ಪು ಹಣವಾಗಿ ಹೊರಬರುತ್ತದೆ.

2023ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ತಂಡ ಬೇರೆಬೇರೆ ಯಂತ್ರಗಳನ್ನೂ ದತ್ತಾಂಶ ಹೊಂದಿಸುವ ಬೇರೆಬೇರೆ ವಿಧಾನಗಳನ್ನೂ ಪರೀಕ್ಷಿಸಿತು. ತಿಂಗಳಿಗೆ 20 ಲಕ್ಷದಂತೆ 1.20 ಕೋಟಿ ರೂಪಾಯಿ. ಇದು ಸಂಶೋಧನೆ ಎಂಬುದರಲ್ಲಿ ತಕರಾರಿಲ್ಲ. ಅಕ್ಟೋಬರ್ 1ರಂದು ಒಂದು ವಿಧಾನವನ್ನು ಆರಿಸಿಕೊಂಡು ಕೋಡ್ ಬರೆಯಲು ಕೂತರು. ಜನವರಿ ಕೊನೆಯವರೆಗೆ ತಿಂಗಳಿಗೆ 25 ಲಕ್ಷ, ಒಟ್ಟು 1 ಕೋಟಿ. ನಿಜವಾದ ಜಗಳ ಈ ಒಂದು ಕೋಟಿಯದು. ‘ಕೋಡ್ ಬರೆಯುತ್ತಿದ್ದೇವೆ, ಆದ್ದರಿಂದ ಅಭಿವೃದ್ಧಿ’ ಎಂದು ಹಣಕಾಸು ಅಧಿಕಾರಿ ಹೇಳಬಹುದು. ಅಭಿವೃದ್ಧಿ ಹೌದು. ಆಸ್ತಿ ಅಲ್ಲ.

ಕಾರಣ, ಅಕ್ಟೋಬರ್ 1ರಂದು ಎರಡು ಸಲ ಜಮೆಯಾಗುವ ಸಮಸ್ಯೆ ಬಗೆಹರಿದಿರಲಿಲ್ಲ. ಪರಿಹಾರ ಸಿಕ್ಕಿತೆಂದು ತೋರಿದ್ದು ಮೂರು ಸಂಘಗಳಲ್ಲಿ ಹದಿನಾಲ್ಕು ದಿನ, ಬೆಳಿಗ್ಗೆ-ಸಂಜೆ ಎರಡೂ ಹೊತ್ತು, ಬೇಕೆಂದೇ ನೆಟ್‌ವರ್ಕ್ ಕಡಿದು ಪರೀಕ್ಷಿಸಿದ ಮೇಲೆ. 84 ಸರದಿಗಳಲ್ಲಿ ಒಂದೂ ನಕಲು ದಾಖಲೆ ಬರಲಿಲ್ಲ. ಪರೀಕ್ಷಾ ವರದಿಗೆ ಸಹಿ ಬಿದ್ದದ್ದು ಡಿಸೆಂಬರ್ 15ರಂದು. ತಾಂತ್ರಿಕ ಷರತ್ತಿನ ದಿನಾಂಕ ಅದು. ಆದರೆ ಆ ದಿನ ಕಂಪನಿಯ ಬಳಿ ಮಾರ್ಚ್‌ವರೆಗೆ ಸಂಬಳ ಕೊಡುವಷ್ಟೇ ಹಣವಿತ್ತು, ಕೊಳ್ಳುವವರು ಯಾರೂ ದರದ ಮಾತು ಆಡಿರಲಿಲ್ಲ. ಜನವರಿ 31ರಂದು ನಿರ್ದೇಶಕ ಮಂಡಳಿ ಕೆಲಸ ಮುಗಿಸಲು 3 ಕೋಟಿ ಮಂಜೂರು ಮಾಡಿತು. ಅದಕ್ಕೆ ಎರಡು ದಿನ ಮುಂಚೆ ಒಂದು ಹಾಲು ಒಕ್ಕೂಟದಿಂದ ಸಂಘವೊಂದಕ್ಕೆ ಇಷ್ಟು ಎಂದು ದರ ನಮೂದಿಸಿದ ಒಪ್ಪಂದ ಪತ್ರ ಬಂದಿತ್ತು. ಆರರಲ್ಲಿ ಕೊನೆಗೆ ಈಡೇರಿದ ಷರತ್ತಿನ ದಿನವೇ ಎಲ್ಲದರ ದಿನ. ಹಾಗಾಗಿ ಬಂಡವಾಳೀಕರಣ ಶುರುವಾಗುವುದು 2024ರ ಫೆಬ್ರವರಿ 1ರಿಂದ.

ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗಿನ ಎಂಟು ತಿಂಗಳಲ್ಲಿ ತಿಂಗಳಿಗೆ 30 ಲಕ್ಷದಂತೆ 2.40 ಕೋಟಿ ಖರ್ಚಾಯಿತು. ಅದೂ ಪೂರ್ತಿ ಆಸ್ತಿಯಾಗುವುದಿಲ್ಲ. ಸಂಘದ ಕಾರ್ಯದರ್ಶಿಗಳಿಗೆ ತರಬೇತಿ ಕೊಟ್ಟ 14 ಲಕ್ಷ, ಕಚೇರಿ ಬಾಡಿಗೆ ಮತ್ತು ಆಡಳಿತದ ಪಾಲೆಂದು ಹಂಚಿದ್ದ 18 ಲಕ್ಷ, ದರ ಲೆಕ್ಕಹಾಕುವ ಭಾಗವನ್ನು ತಪ್ಪು ವಿನ್ಯಾಸದಿಂದಾಗಿ ಎರಡು ಸಲ ಬರೆದದ್ದರಲ್ಲಿ ವ್ಯರ್ಥವಾದ 8 ಲಕ್ಷ, ಇವು ಹೊರಗುಳಿಯುತ್ತವೆ. ಉಳಿಯುವುದು 2 ಕೋಟಿ. ಒಟ್ಟು ಖರ್ಚು 4.60 ಕೋಟಿ, ಬ್ಯಾಲೆನ್ಸ್ ಶೀಟಿಗೆ ಬಂದದ್ದು ಅದರ ಅರ್ಧಕ್ಕಿಂತ ಕಡಿಮೆ. ತಂತ್ರಾಂಶ 2024ರ ಅಕ್ಟೋಬರ್ 1ರಂದು ಬಳಕೆಗೆ ಸಿದ್ಧವಾಯಿತು. ಐದು ವರ್ಷದ ಬಾಳಿಕೆ ಎಂದಿಟ್ಟುಕೊಂಡರೆ ವರ್ಷಕ್ಕೆ 40 ಲಕ್ಷ, 2024-25ರಲ್ಲಿ ಅರ್ಧ ವರ್ಷಕ್ಕೆ 20 ಲಕ್ಷ ಕಳೆಯಬೇಕು.

ಅಕ್ಟೋಬರ್ 1ನ್ನೇ ಹಿಡಿದಿದ್ದರೆ 2023-24ರ ಲಾಭ ಒಂದು ಕೋಟಿ ಹೆಚ್ಚಿರುತ್ತಿತ್ತು. ಅದರ ಬೆಲೆ ಮುಂದಿನ ಐದು ವರ್ಷ, ವರ್ಷಕ್ಕೆ 20 ಲಕ್ಷದಂತೆ ತೆರುವುದು. ಬಂಡವಾಳ ಹುಡುಕುತ್ತಿರುವ ಕಂಪನಿಗೆ ಈ ವಿನಿಮಯ ಎಷ್ಟು ಆಕರ್ಷಕವೆಂದು ಬಿಡಿಸಿ ಹೇಳಬೇಕಿಲ್ಲ. ದಿನಾಂಕದ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದೂ ಅದಕ್ಕೇ.

ಈ ಉದಾಹರಣೆಯಲ್ಲಿ ಹಂತಗಳು ಒಂದಾದ ಮೇಲೊಂದು ಬಂದವು. ಇಂದಿನ ಹೆಚ್ಚಿನ ತಂಡಗಳು ಎರಡು ವಾರದ ಸ್ಪ್ರಿಂಟ್‌ಗಳಲ್ಲಿ ಕೆಲಸ ಮಾಡುತ್ತವೆ. ಸೋಮವಾರ ಹೊಸ ವಿಧಾನವೊಂದನ್ನು ಪ್ರಯೋಗಿಸಿದ ಎಂಜಿನಿಯರ್ ಬುಧವಾರ ಹಳೆಯ ದೋಷ ತಿದ್ದಿ, ಶುಕ್ರವಾರ ಹೊಸ ಸೌಲಭ್ಯ ಬಿಡುಗಡೆ ಮಾಡುತ್ತಾರೆ. ಹಂತಗಳೇ ಬೇರ್ಪಡದಿದ್ದರೆ ಏನು ಮಾಡಬೇಕೆಂಬುದಕ್ಕೆ 53ನೇ ಕಂಡಿಕೆ ಕಠಿಣ ಉತ್ತರ ಕೊಡುತ್ತದೆ: ಸಂಶೋಧನೆ ಮತ್ತು ಅಭಿವೃದ್ಧಿಯನ್ನು ಬೇರ್ಪಡಿಸಲಾಗದಿದ್ದರೆ ಎಲ್ಲವೂ ಸಂಶೋಧನೆಯೇ. ಸಂಶಯದ ಲಾಭ ಆಸ್ತಿಗೆ ಸಿಗುವುದಿಲ್ಲ. ಅಮೆರಿಕದಲ್ಲಿ ಮಾರಾಟದ ಸಾಫ್ಟ್‌ವೇರಿಗೆ 1985ರಲ್ಲಿ ಬಂದ ಎಫ್‌ಎಎಸ್ 86 ತಾಂತ್ರಿಕ ಸಾಧ್ಯತೆ ಸ್ಥಾಪಿತವಾದ ಮೇಲಿನ ವೆಚ್ಚವನ್ನಷ್ಟೇ ಆಸ್ತಿಯೆಂದಿತು. ಕಾರ್ಯಮಾದರಿ ಸಿದ್ಧವಾಗುವುದೂ ಬಿಡುಗಡೆಯೂ ಹತ್ತಿರಹತ್ತಿರವೇ ಬರುವ ಕಂಪನಿಗಳಲ್ಲಿ ಆಸ್ತಿಗೆ ಏನೂ ಉಳಿಯುತ್ತಿರಲಿಲ್ಲ. ಸ್ವಂತ ಬಳಕೆಯ ಸಾಫ್ಟ್‌ವೇರಿಗೆ ಅಲ್ಲಿದ್ದ ಹಂತಗಳ ನಿಯಮವನ್ನು 2025ರ ಸೆಪ್ಟೆಂಬರ್‌ನ ತಿದ್ದುಪಡಿ ಕೈಬಿಟ್ಟು, ಆಡಳಿತ ಹಣ ಒಪ್ಪಿದೆಯೇ, ಕೆಲಸ ಮುಗಿಯುವುದು ಸಂಭವನೀಯವೇ ಎಂದು ಕೇಳತೊಡಗಿದೆ. ಹಂತದ ಹೆಸರು ಹೋಗಿ ಪುರಾವೆಯ ಪ್ರಶ್ನೆ ಮುಂದೆ ಬಂದಿರುವುದು ಅಲ್ಲೂ ಕಾಣುತ್ತದೆ.

ಸ್ಪ್ರಿಂಟ್‌ಗಳ ನಡುವೆಯೂ ಬೇರ್ಪಡಿಸುವುದು ಅಸಾಧ್ಯವಲ್ಲ. ಇಡೀ ಉತ್ಪನ್ನವನ್ನು ಒಂದೇ ಘಟಕವೆಂದು ಹಿಡಿಯದೆ ತನ್ನಷ್ಟಕ್ಕೆ ಆದಾಯ ತರಬಲ್ಲ ಮಾಡ್ಯೂಲ್ ಮಟ್ಟದಲ್ಲಿ ಷರತ್ತುಗಳನ್ನು ನೋಡಬೇಕು. ಪ್ರತಿ ಟಿಕೆಟ್‌ಗೆ ಅದನ್ನು ತೆರೆಯುವಾಗಲೇ ಗುರುತು ಬೀಳಬೇಕು: ಪ್ರಯೋಗ, ನಿರ್ಮಾಣ, ನಿರ್ವಹಣೆ. ಎಂಜಿನಿಯರುಗಳ ಗಂಟೆಗಳು ವಾರವಾರ ದಾಖಲಾಗಬೇಕು. ತ್ರೈಮಾಸಿಕದ ಕೊನೆಗೆ ಮ್ಯಾನೇಜರ್ ನೆನಪಿನಿಂದ ತುಂಬಿದ ಶೇಕಡಾವಾರು ಹಾಳೆಯನ್ನು ಅಳತೆ ಎನ್ನಲಾಗದು. ಆರನೆಯ ಷರತ್ತು ಬಿದ್ದುಹೋಗುವುದು ಅಲ್ಲೇ.

ತಪ್ಪಿದ್ದನ್ನು ಕಂಡುಹಿಡಿಯಲು ಲೆಕ್ಕಪರಿಶೋಧಕರಿಗೆ ದೊಡ್ಡ ಉಪಕರಣ ಬೇಡ. ಬಂಡವಾಳೀಕೃತ ಗಂಟೆಗಳು ಮಾರ್ಚ್‌ನಲ್ಲಿ ಜಿಗಿದು ಏಪ್ರಿಲ್‌ನಲ್ಲಿ ಇಳಿದಿವೆಯೇ ಎಂದು ನೋಡಿದರೆ ಒಂದು ಸುಳಿವು. ರಾತ್ರಿಪಾಳಿಯಲ್ಲಿ ಸರ್ವರ್ ದುರಸ್ತಿ ಮಾಡಿದವರ ಪಟ್ಟಿಯನ್ನು ಟೈಮ್‌ಶೀಟಿನ ಪಕ್ಕ ಇಟ್ಟರೆ ಇನ್ನೊಂದು. ಆ ವಾರ ಅವರ ನೂರಕ್ಕೆ ನೂರು ಸಮಯ ಹೊಸ ಸೌಲಭ್ಯಕ್ಕೆ ಹೋಗಿದೆ ಎಂದಿದ್ದರೆ ಎರಡರಲ್ಲೊಂದು ಸುಳ್ಳು. ಮೂರನೆಯದು ಕಂಪನಿಗಳ ಕಾಯಿದೆಯ ಅನುಸೂಚಿ 3ರಲ್ಲೇ ಇದೆ. 2021ರ ಏಪ್ರಿಲ್‌ನಿಂದ, ಅಭಿವೃದ್ಧಿಯಲ್ಲಿರುವ ಅಮೂರ್ತ ಆಸ್ತಿ ಎಷ್ಟು ಹಳೆಯದೆಂದು ಒಂದು ವರ್ಷದೊಳಗಿನಿಂದ ಮೂರು ವರ್ಷ ಮೀರಿದ್ದರವರೆಗೆ ನಾಲ್ಕು ಕಂಬಸಾಲುಗಳಲ್ಲಿ ಬಿಡಿಸಿ ತೋರಿಸಬೇಕು. ಎರಡು ವಾರಕ್ಕೊಮ್ಮೆ ಬಿಡುಗಡೆ ಮಾಡುತ್ತೇವೆ ಎನ್ನುವ ಕಂಪನಿಯ ಕೊನೆಯ ಸಾಲಿನಲ್ಲಿ ದೊಡ್ಡ ಮೊತ್ತ ಕೂತಿದ್ದರೆ, ಒಂದೋ ಆ ಕೆಲಸ ನಿಂತುಹೋಗಿದೆ, ಇಲ್ಲವೇ ಬಳಕೆಗೆ ಬಂದದ್ದನ್ನು ಇನ್ನೂ ಸಿದ್ಧವಾಗಿಲ್ಲವೆಂದು ಇಟ್ಟುಕೊಂಡು ಕಂತು ಕಳೆಯುವುದನ್ನು ಮುಂದೂಡಲಾಗಿದೆ. ಬಳಕೆಗೆ ಸಿದ್ಧವಾಗದ ಅಮೂರ್ತ ಆಸ್ತಿಯ ಮೌಲ್ಯ ಕುಸಿದಿದೆಯೇ ಎಂದು, ಕುಸಿತದ ಸೂಚನೆ ಇರಲಿ ಬಿಡಲಿ, ವರ್ಷಕ್ಕೊಮ್ಮೆ ಪರೀಕ್ಷಿಸಲೇಬೇಕೆಂದು ಇಂಡ್ ಎಎಸ್ 36 ಹೇಳುವುದು ಇದನ್ನು ತಡೆಯುವುದಕ್ಕೂ ಒದಗುತ್ತದೆ.

ನಮ್ಮ ಹಾಲಿನ ತಂತ್ರಾಂಶಕ್ಕೆ ಮರಳಿದರೆ, ಅಕ್ಟೋಬರ್ 2024ರ ನಂತರ ಹತ್ತು ಮಂದಿ ಅದರ ಮೇಲೆ ಕೆಲಸ ಮುಂದುವರಿಸಿದರು. ಹೊಸ ಯಂತ್ರದ ಮಾದರಿಗೆ ಹೊಂದಿಸಿದ್ದು, ವೇಗ ಹೆಚ್ಚಿಸಿದ್ದು, ದೋಷ ತಿದ್ದಿದ್ದು ಎಲ್ಲವೂ ಆಗಿನ ವೆಚ್ಚ. ಇರುವ ಆಸ್ತಿಯಿಂದ ಮೊದಲೇ ನಿರೀಕ್ಷಿಸಿದ್ದ ಪ್ರಯೋಜನವನ್ನು ಅವು ಉಳಿಸಿಕೊಡುತ್ತವೆ, ಅಷ್ಟೆ. ಇನ್ನೊಂದು ತಂಡ 2025ರ ಜನವರಿಯಲ್ಲಿ ಪಶು ಆಹಾರದ ಸಾಲವನ್ನು ರೈತರ ಬಟವಾಡೆಯಿಂದ ಮುರಿದುಕೊಳ್ಳುವ ಪ್ರತ್ಯೇಕ ಮಾಡ್ಯೂಲ್‌ಗೆ ಕೈಹಾಕಿತು. ಅದಕ್ಕೆ ಬೇರೆ ದರವಿದೆ, ಬೇರೆ ಕೊಳ್ಳುವವರಿದ್ದಾರೆ, ತಾಂತ್ರಿಕ ತೊಡಕು ಹೆಚ್ಚಿಲ್ಲ. ಆದರೆ ಒಕ್ಕೂಟದ ಲಿಖಿತ ಒಪ್ಪಿಗೆ 2025ರ ಮಾರ್ಚ್ 31ಕ್ಕೂ ಬಂದಿರಲಿಲ್ಲ. ಆ ಮೂರು ತಿಂಗಳ ಸಂಬಳವೆಲ್ಲ ಲಾಭ-ನಷ್ಟ ಖಾತೆಗೆ ಹೋಯಿತು.