ಐವತ್ತಮೂರನೇ ವಾರ ಎಲ್ಲಿಂದ ಬಂತು?

ಪುಣೆಯಲ್ಲಿ ಕೂತು ಅಮೆರಿಕದ ಅಂಗಡಿಗಳ ಸೇಲ್ಸ್ ರಿಪೋರ್ಟ್ ಮಾಡುವ ಟೀಮಿನಲ್ಲಿದ್ದೆ. 2024ರ ಫೆಬ್ರವರಿಯಲ್ಲಿ ನನ್ನ ಡ್ಯಾಶ್‌ಬೋರ್ಡಿನ ಮೊದಲ ವಾರವೇ ತಪ್ಪಾಯ್ತು. ಕೋಡ್ ಸರಿಯಾಗೇ ಇತ್ತು, ಕ್ಯಾಲೆಂಡರ್ ಜಾರಿತ್ತು.

ಅಂಗಡಿಯವರಿಗೆ ನಮ್ಮ ತಿಂಗಳು ಲೆಕ್ಕಕ್ಕೆ ಬರಲ್ಲ. ಒಂದು ವರ್ಷದ ಮಾರ್ಚಿನಲ್ಲಿ ನಾಲ್ಕು ಶನಿವಾರ, ಇನ್ನೊಂದು ವರ್ಷ ಐದು. ವ್ಯಾಪಾರವೆಲ್ಲ ವಾರಾಂತ್ಯದ್ದಾದರೆ ಎರಡನ್ನೂ ಹೋಲಿಸೋದು ಹೇಗೆ? ಕೊಡಾಕ್ ಕಂಪನಿ 1928ರಿಂದ 1989ರವರೆಗೆ 28 ದಿನಗಳ 13 ತಿಂಗಳು ಇಟ್ಟುಕೊಂಡಿತ್ತು. ಆದ್ರೆ 13 ತಿಂಗಳನ್ನು ನಾಲ್ಕು ಕ್ವಾರ್ಟರಿಗೆ ಸಮನಾಗಿ ಹಂಚೋಕಾಗಲ್ಲ. 52 ವಾರವನ್ನು ಹಂಚಬಹುದು: ಕ್ವಾರ್ಟರಿಗೆ 13 ವಾರ, ಅದರೊಳಗೆ 4-4-5. (ಅಮೆರಿಕದ ನ್ಯಾಷನಲ್ ರಿಟೇಲ್ ಫೆಡರೇಷನ್‌ನದು 4-5-4, ಕ್ವಾರ್ಟರ್ ಮಾತ್ರ ಅದೇ 13 ವಾರ.) ಐದು ವಾರದ ತಿಂಗಳನ್ನು ಹಿಂದಿನ ನಾಲ್ಕು ವಾರದ ತಿಂಗಳ ಪಕ್ಕ ಇಟ್ಟರೆ ವ್ಯಾಪಾರ ಸುಮ್ಮನೆ ಕಾಲು ಭಾಗ ಏರಿದ ಹಾಗೆ ಕಾಣುತ್ತೆ. ಹಾಗಾಗಿ ಹೋದ ವರ್ಷದ ಅದೇ ತಿಂಗಳೊಂದಿಗೇ ಹೋಲಿಸಬೇಕು.

ಆದ್ರೆ 52 ವಾರ ಅಂದ್ರೆ 364 ದಿನ. ವರ್ಷಕ್ಕೆ ಒಂದೋ ಎರಡೋ ದಿನ ಉಳಿಯುತ್ತೆ, ಐದಾರು ವರ್ಷಕ್ಕೆ ಅದೇ ಒಂದು ವಾರ. ನಮ್ಮ ಅಧಿಕ ಮಾಸದ ತಮ್ಮ ಅನ್ನಿ. ಫೆಡರೇಷನ್ನಿನ ನಿಯಮ ಸರಳ: ಶನಿವಾರಕ್ಕೆ ವರ್ಷ ಮುಗಿದ ಮೇಲೂ ಜನವರಿಯಲ್ಲಿ ನಾಲ್ಕು ಅಥವಾ ಹೆಚ್ಚು ದಿನ ಉಳಿದರೆ 53ನೇ ವಾರ. 2024ರ ಜನವರಿ 27 ಶನಿವಾರ, ಉಳಿದದ್ದು ಸರಿಯಾಗಿ ನಾಲ್ಕು ದಿನ. ಹೀಗೆ 2023ರ ಹಣಕಾಸು ವರ್ಷ ಫೆಬ್ರವರಿ 3ರವರೆಗೆ ಓಡಿತು.

ಟಾರ್ಗೆಟ್ ಕಂಪನಿಯ ಲೆಕ್ಕ ನೋಡಿ. ಆ ವರ್ಷದ ಕೊನೇ ಕ್ವಾರ್ಟರಿನ ಆದಾಯ 31.9 ಬಿಲಿಯನ್ ಡಾಲರ್, ಹಿಂದಿನ ವರ್ಷದ್ದು 31.4. ಬೆಳವಣಿಗೆ ಅಂತೀರಾ? ಹೆಚ್ಚುವರಿ ವಾರವೊಂದೇ 1.7 ಬಿಲಿಯನ್ ತಂದಿತ್ತು. ಅದನ್ನು ತೆಗೆದರೆ ಉಳಿಯೋದು ಸುಮಾರು 30.2, ಅಂದ್ರೆ ಶೇ. 4ರಷ್ಟು ಇಳಿಕೆ. ಹೋಲಿಕೆಗೆ ಸಿಗುವ ಮಾರಾಟ ಶೇ. 4.4 ಕುಸಿದಿದೆ ಅಂತ ಕಂಪನಿಯೇ ಹೇಳಿತ್ತು. ಮರುವರ್ಷ ಇದೇ ವಾರ ಉಲ್ಟಾ ಹೊಡೆಯುತ್ತೆ: 13 ವಾರವನ್ನು 14 ವಾರದ ಎದುರು ನಿಲ್ಲಿಸಬೇಕು.

ನನ್ನ ತಪ್ಪು ಇಲ್ಲೇ ಇತ್ತು. ಎರಡು ವರ್ಷಗಳನ್ನು ವಾರದ ನಂಬರಿನ ಮೇಲೆ ಜಾಯಿನ್ ಮಾಡಿದ್ದೆ. 2024ರ ಮೊದಲ ವಾರ ಶುರುವಾದದ್ದು ಫೆಬ್ರವರಿ 4ಕ್ಕೆ, ಅದಕ್ಕೆ ಜೋಡಿಯಾದದ್ದು 2023ರ ಜನವರಿ 29ರ ವಾರ. ಸರಿಯಾದ ಜೋಡಿ ಫೆಬ್ರವರಿ 5ರದ್ದು, ಅಂದ್ರೆ ಹಳೇ ವರ್ಷದ ಎರಡನೇ ವಾರ. ತಾರೀಖಿನಿಂದ 364 ದಿನ ಕಳೆದ ಮೇಲೆ ಸರಿಹೋಯ್ತು.

ನವೆಂಬರ್‌ವರೆಗೆ ನೆಮ್ಮದಿ. ಆಮೇಲೆ ಥ್ಯಾಂಕ್ಸ್‌ಗಿವಿಂಗ್ ಬಂತು: 2023ರಲ್ಲಿ 23ಕ್ಕೆ, 2024ರಲ್ಲಿ 28ಕ್ಕೆ. 364 ಕಳೆದರೆ ಹಬ್ಬದ ವಾರ, ಹೋದ ವರ್ಷ ಹಬ್ಬ ಮುಗಿದ ಮರುವಾರದ ಎದುರು ಕೂರುತ್ತೆ. ಆ ವಾರಗಳಿಗೆ ಹಬ್ಬವನ್ನು ಹಬ್ಬಕ್ಕೇ ಜೋಡಿಸುವ ಬೇರೆ ಕಾಲಂ ಇಟ್ವಿ.