ರಾಸಾಯನಿಕ ಸಮತೋಲನದ ಮೇಲೆ ಸಾರತೆ ಮತ್ತು ಒತ್ತಡದ ಪರಿಣಾಮ

ರಾಸಾಯನಿಕ ಸಮತೋಲನ ಎಂದರೆ ಎರಡೂ ದಿಕ್ಕಿಗೆ ನಡೆಯಬಲ್ಲ ಕ್ರಿಯೆಯೊಂದರಲ್ಲಿ ಮುಮ್ಮುಖ ಮತ್ತು ಹಿಮ್ಮುಖ ಕ್ರಿಯೆಗಳ ವೇಗ ಸಮನಾಗಿರುವ ಸ್ಥಿತಿ. ಇಂತಹ ವ್ಯವಸ್ಥೆಯ ಸಾರತೆಯನ್ನೋ ಒತ್ತಡವನ್ನೋ ಬದಲಿಸಿದರೆ, ಆ ಬದಲಾವಣೆಯನ್ನು ಭಾಗಶಃ ತಗ್ಗಿಸುವ ದಿಕ್ಕಿಗೆ ಸಮತೋಲನವು ಸರಿಯುತ್ತದೆ. ಫ್ರೆಂಚ್ ರಸಾಯನವಿಜ್ಞಾನಿ ಆನ್ರಿ ಲೆ ಶಾಟೆಲಿಯೆ 1884ರಲ್ಲಿ ಈ ತತ್ತ್ವವನ್ನು ಮಂಡಿಸಿದರು. ಇಲ್ಲಿ 'ಭಾಗಶಃ' ಎಂಬ ಮಾತು ಮುಖ್ಯವಾದುದು.

## ಒಂದು ಉದಾಹರಣೆ

ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಅನಿಲವು ಒಡೆದು ಕೆಂಗಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ:

N₂O₄ ⇌ 2NO₂

ಸಮತೋಲನದಲ್ಲಿ NO₂ ಸಾರತೆಯ ವರ್ಗವನ್ನು N₂O₄ ಸಾರತೆಯಿಂದ ಭಾಗಿಸಿದರೆ ಸಮತೋಲನ ಸ್ಥಿರಾಂಕ ದೊರೆಯುತ್ತದೆ. 100 °C ತಾಪಮಾನದಲ್ಲಿ ಅದರ ಬೆಲೆ ಸುಮಾರು 0.36. ಪಾತ್ರೆಯೊಂದರಲ್ಲಿ ಲೀಟರಿಗೆ 0.04 ಮೋಲ್ N₂O₄ ಮತ್ತು 0.12 ಮೋಲ್ NO₂ ಇವೆ ಎಂದುಕೊಳ್ಳೋಣ. 0.12ರ ವರ್ಗ 0.0144, ಅದನ್ನು 0.04ರಿಂದ ಭಾಗಿಸಿದರೆ 0.36 ಬರುವುದರಿಂದ ಇದು ಸಮತೋಲನದ ಸ್ಥಿತಿಯೇ.

## ಸಾರತೆಯ ಪರಿಣಾಮ

ಇದಕ್ಕೆ ಇನ್ನಷ್ಟು N₂O₄ ಸೇರಿಸಿ ಅದರ ಸಾರತೆಯನ್ನು 0.08ಕ್ಕೆ ಏರಿಸಿದರೆ ಅನುಪಾತವು 0.18ಕ್ಕೆ ಇಳಿಯುತ್ತದೆ. ಅದು ಸ್ಥಿರಾಂಕಕ್ಕಿಂತ ಕಡಿಮೆಯಾದ್ದರಿಂದ, ಅನುಪಾತ ಮತ್ತೆ 0.36 ಆಗುವವರೆಗೆ ಮುಮ್ಮುಖ ಕ್ರಿಯೆ ಮೇಲುಗೈ ಪಡೆಯುತ್ತದೆ. ಕೊನೆಗೆ N₂O₄ ಸುಮಾರು 0.064, NO₂ ಸುಮಾರು 0.152 ಆಗಿ ನಿಲ್ಲುತ್ತವೆ. ಸೇರಿಸಿದ 0.04 ಮೋಲ್‌ಗೆ ಎದುರಾಗಿ 0.016 ಮೋಲ್ ಮಾತ್ರ ಒಡೆದಿದೆ.

## ಒತ್ತಡದ ಪರಿಣಾಮ

ಮೊದಲಿನ ಮಿಶ್ರಣವನ್ನೇ ತಾಪಮಾನ ಬದಲಾಗದಂತೆ ಅರ್ಧ ಗಾತ್ರಕ್ಕೆ ಒತ್ತಿದರೆ ಎರಡೂ ಸಾರತೆಗಳು ಇಮ್ಮಡಿಯಾಗಿ 0.08 ಮತ್ತು 0.24 ಆಗುತ್ತವೆ. ಆಗ ಅನುಪಾತವು 0.72. ಇದು ಸ್ಥಿರಾಂಕಕ್ಕಿಂತ ಹೆಚ್ಚಾದ್ದರಿಂದ ಹಿಮ್ಮುಖ ಕ್ರಿಯೆ ನಡೆದು, NO₂ ಸುಮಾರು 0.193ಕ್ಕೆ ಇಳಿಯುತ್ತದೆ, N₂O₄ ಸುಮಾರು 0.103ಕ್ಕೆ ಏರುತ್ತದೆ. ಎರಡು ಅಣುಗಳು ಸೇರಿ ಒಂದಾಗುವುದರಿಂದ ಒತ್ತಡವು ಇಮ್ಮಡಿಯಾಗುವ ಬದಲು ಸುಮಾರು 1.85 ಪಟ್ಟಿನಲ್ಲಿ ನಿಲ್ಲುತ್ತದೆ.

ಈ ಬದಲಾವಣೆ ಕಣ್ಣಿಗೂ ಕಾಣುತ್ತದೆ. ಗಾಜಿನ ಸಿರಿಂಜಿನಲ್ಲಿ ಅನಿಲವನ್ನು ತಟ್ಟನೆ ಒತ್ತಿ ಪಕ್ಕದಿಂದ ನೋಡಿದರೆ ಬಣ್ಣ ಮೊದಲು ಗಾಢವಾಗಿ, ಬಳಿಕ ತುಸು ತಿಳಿಯಾಗುತ್ತದೆ. ಆದರೂ ಅದು ಮೂಲ ಬಣ್ಣಕ್ಕಿಂತ ಗಾಢವಾಗಿಯೇ ಉಳಿಯುತ್ತದೆ, ಏಕೆಂದರೆ 0.193 ಎಂಬುದು 0.12ಕ್ಕಿಂತ ಹೆಚ್ಚು. ಒತ್ತಿದೊಡನೆ ಬಣ್ಣ ತಿಳಿಯಾಗುತ್ತದೆ ಎಂಬ ಉತ್ತರ ಈ ಕಾರಣದಿಂದ ತಪ್ಪು. NO₂ ವಿಷಾನಿಲವಾದ್ದರಿಂದ ಈ ಪ್ರಯೋಗವನ್ನು ಹೊಗೆಯನ್ನು ಹೊರಗೆಳೆಯುವ ವ್ಯವಸ್ಥೆಯಿರುವ ಪ್ರಯೋಗಶಾಲೆಯಲ್ಲಿ ಮಾತ್ರ ಮಾಡಬೇಕು.

## ಮಿತಿಗಳು

ಸಮೀಕರಣದ ಎರಡೂ ಕಡೆ ಅನಿಲದ ಮೋಲ್‌ಗಳು ಸಮನಾಗಿದ್ದರೆ ಒತ್ತಡದಿಂದ ಸಮತೋಲನ ಸರಿಯುವುದಿಲ್ಲ. H₂ + I₂ ⇌ 2HI ಎಂಬ ಅನಿಲ ಕ್ರಿಯೆ ಇದಕ್ಕೆ ನಿದರ್ಶನ. ಗಾತ್ರ ಬದಲಿಸದೆ ಆರ್ಗಾನಿನಂತಹ ಜಡಾನಿಲವನ್ನು ತುಂಬಿದಾಗ ಒಟ್ಟು ಒತ್ತಡ ಏರಿದರೂ ಕ್ರಿಯೆಯಲ್ಲಿರುವ ಅನಿಲಗಳ ಸಾರತೆ ಬದಲಾಗದು, ಆದ್ದರಿಂದ ಸಮತೋಲನವೂ ಕದಲದು. ಈ ಎಲ್ಲ ಸಂದರ್ಭಗಳಲ್ಲಿಯೂ ಸ್ಥಿರಾಂಕದ ಬೆಲೆ ಹಾಗೆಯೇ ಉಳಿಯುತ್ತದೆ. ಅದನ್ನು ಬದಲಿಸುವುದು ತಾಪಮಾನ ಮಾತ್ರ.