ಶಾಲೆಯ ಬುಲೆಟಿನ್ ಬೋರ್ಡ್ ಚೆಂದವಿದ್ದರೆ ಸಾಕೇ? ಮೊಬೈಲ್ ಫೋಟೋದಲ್ಲೇ ಪರೀಕ್ಷಿಸಿ ನೋಡಿ

‘ನಮ್ಮ ಸರ್ಕಾರಿ ಶಾಲೆಯ ಗೋಡೆ ನೋಡಿ, ಯಾವ ಕಾನ್ವೆಂಟಿಗೂ ಕಮ್ಮಿಯಿಲ್ಲ’ ಎಂಬ ಒಕ್ಕಣೆಯೊಂದಿಗೆ ಬಣ್ಣಬಣ್ಣದ ಬುಲೆಟಿನ್ ಬೋರ್ಡಿನ ಫೋಟೋ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಮಿಂಚುವ ಅಂಚು, ಥರ್ಮಾಕೋಲ್ ಅಕ್ಷರ, ತುಂಬ ಚಿತ್ರ, ಎಲ್ಲೂ ಖಾಲಿ ಜಾಗವಿಲ್ಲ. ಶ್ರಮವಂತೂ ನಿಜ. ಆದರೆ ಎರಡನೇ ತರಗತಿಯ ಮಗು ಅದನ್ನು ಓದುತ್ತದೆಯೇ? ಇದನ್ನು ತಿಳಿಯಲು ಶಾಲೆಗೆ ಹೋಗಬೇಕಿಲ್ಲ, ಬಹುಪಾಲು ಉತ್ತರ ಆ ಫೋಟೋದಲ್ಲೇ ಇದೆ.

ಒಂದು ಮಾದರಿ ಬೋರ್ಡ್ ಇಟ್ಟುಕೊಂಡು ನೋಡೋಣ. ಅಗಲ 4 ಅಡಿ, ಅಂದರೆ ಸುಮಾರು 120 ಸೆಂ.ಮೀ. ಎತ್ತರ 3 ಅಡಿ. ಬಿಳಿ ಹಾಳೆಯ ಮೇಲೆ ಹಳದಿ ಅಕ್ಷರದಲ್ಲಿ ‘ಜಲಚಕ್ರ’ ಎಂಬ ಶೀರ್ಷಿಕೆ. ಕೆಳಗೆ ಕಂಪ್ಯೂಟರಿನಲ್ಲಿ ಪ್ರಿಂಟ್ ತೆಗೆದ ಎಂಟು ಹಾಳೆಗಳು, ಅಕ್ಷರದ ಗಾತ್ರ 14 ಪಾಯಿಂಟ್. ಸುತ್ತ ಹೂವು, ಚಿಟ್ಟೆ, ಕಾರ್ಟೂನ್ ಗೊಂಬೆ.

ಫೋಟೋದಲ್ಲಿ ದೂರ ಅಳೆಯುವುದು

ಬೋರ್ಡಿನ ಎದುರು ನೇರವಾಗಿ ನಿಂತು, ಫ್ಲಾಶ್ ಹಾಕದೆ ಒಂದು ಫೋಟೋ ತೆಗೆಯಿರಿ. ಮೊಬೈಲನ್ನು ಅಡ್ಡ ಹಿಡಿದು, ಪರದೆಯ ಮೇಲೆ ಬೋರ್ಡ್ 12 ಸೆಂ.ಮೀ. ಅಗಲ ಕಾಣುವಂತೆ ಮಾಡಿಕೊಳ್ಳಿ. ಈಗ ಕಣ್ಣಿನಿಂದ ಒಂದು ಅಡಿ ಸ್ಕೇಲಿನಷ್ಟು, ಅಂದರೆ 30 ಸೆಂ.ಮೀ. ದೂರದಲ್ಲಿ ಹಿಡಿದು ಓದಿ. ಓದುವ ಕನ್ನಡಕವಿದ್ದರೆ ಹಾಕಿಕೊಳ್ಳಿ. ಜೂಮ್ ಮಾತ್ರ ಮಾಡಬೇಡಿ.

ಇಲ್ಲಿನ ಲೆಕ್ಕ ಸರಳ. ನಿಜವಾದ ಬೋರ್ಡ್ ಫೋಟೋದ ಬೋರ್ಡಿಗಿಂತ 10 ಪಟ್ಟು ಅಗಲ. ಹಾಗಾಗಿ 30 ಸೆಂ.ಮೀ. ದೂರದ ಫೋಟೋ, 300 ಸೆಂ.ಮೀ. ಅಂದರೆ 3 ಮೀಟರ್ ದೂರದ ಬೋರ್ಡಿಗೆ ಸಮ. ತರಗತಿಯ ನಡುವೆ ಕುಳಿತ ಮಗುವಿಗೆ ಬೋರ್ಡ್ ಕಾಣುವುದು ಸುಮಾರು ಅಷ್ಟೇ ದೊಡ್ಡದಾಗಿ. ಪರದೆಯ ಮೇಲೆ 6 ಸೆಂ.ಮೀ. ಅಗಲಕ್ಕೆ ಇಳಿಸಿದರೆ ಅದು 6 ಮೀಟರ್ ದೂರದ ನೋಟ.

ನಮ್ಮ ಮಾದರಿ ಬೋರ್ಡ್ ಇಲ್ಲಿಯೇ ಸೋಲುತ್ತದೆ. 14 ಪಾಯಿಂಟ್ ಎಂದರೆ ಇಡೀ ಸಾಲಿಗೆ ಸುಮಾರು 5 ಮಿ.ಮೀ. ಕನ್ನಡದಲ್ಲಿ ಮೇಲೆ ಗುಣಿತಕ್ಕೆ, ಕೆಳಗೆ ಒತ್ತಕ್ಷರಕ್ಕೆ ಜಾಗ ಹೋಗುವುದರಿಂದ ಮೂಲ ಅಕ್ಷರಕ್ಕೆ ಉಳಿಯುವುದು ಅದರ ಅರ್ಧದಷ್ಟು, ಸುಮಾರು ಎರಡೂವರೆ ಮಿ.ಮೀ. ಕಣ್ಣಿನ ವೈದ್ಯರು ಸಾಮಾನ್ಯ ದೃಷ್ಟಿ ಎಂದು ಹೇಳುವ 6/6 ಇರುವವರು 3 ಮೀಟರ್ ದೂರದಿಂದ ಗುರುತಿಸಬಲ್ಲ ಅಕ್ಷರದ ಎತ್ತರವೇ ಸುಮಾರು 4.4 ಮಿ.ಮೀ. ಹಾಗಾಗಿ ಆ ಎಂಟು ಹಾಳೆಗಳು ಬೆಂಚಿನಲ್ಲಿ ಕುಳಿತ ಮಗುವಿಗೆ ಬರೀ ಬೂದು ಪಟ್ಟಿಗಳು. ಮಗು ಸೋಮಾರಿ ಎಂದು ಬೈದು ಪ್ರಯೋಜನವಿಲ್ಲ!

ಇನ್ನು 4.4 ಮಿ.ಮೀ. ಎಂಬುದು ಕಷ್ಟಪಟ್ಟು ಗುರುತಿಸುವ ಮಿತಿ, ಸಲೀಸಾಗಿ ಓದುವ ಅಳತೆ ಅಲ್ಲ. ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿಯುತ್ತಿರುವ ಮಗುವಿಗೆ ಅದರ ನಾಲ್ಕೈದು ಪಟ್ಟು ಬೇಕು. ಒತ್ತು ಬಿಟ್ಟು ‘ಅ’ ಅಕ್ಷರವೇ 2 ಸೆಂ.ಮೀ. ಎತ್ತರವಿರಲಿ, ಶೀರ್ಷಿಕೆ 5 ಸೆಂ.ಮೀ. ಇರಲಿ. ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ, ಅದು ಯಾವ ಅಕ್ಷರದ್ದು ಎಂದೇ ಮಗುವಿಗೆ ತಿಳಿಯುವುದಿಲ್ಲ.

ಬಣ್ಣ ತೆಗೆದು ನೋಡಿ

ಅದೇ ಫೋಟೋಗೆ ಗ್ಯಾಲರಿಯಲ್ಲಿ ಕಪ್ಪು-ಬಿಳುಪು ಫಿಲ್ಟರ್ ಹಾಕಿ. ಹಳದಿ ‘ಜಲಚಕ್ರ’ ಬಿಳಿ ಹಾಳೆಯಲ್ಲಿ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಕಣ್ಣು ಅಕ್ಷರದ ಅಂಚನ್ನು ಹಿಡಿಯುವುದು ಮುಖ್ಯವಾಗಿ ಬೆಳಕು-ಕತ್ತಲೆಯ ವ್ಯತ್ಯಾಸದಿಂದ. ಹಸಿರಿನ ಮೇಲೆ ಕೆಂಪು ಅಕ್ಷರವೂ ಹಲವು ಸಲ ಹೀಗೆ ಮಾಯವಾಗುತ್ತದೆ. ಕೆಂಪು-ಹಸಿರು ಗುರುತಿಸಲು ಕಷ್ಟಪಡುವ ಮಕ್ಕಳಿಗೆ, ಅವರಲ್ಲಿ ಗಂಡುಮಕ್ಕಳೇ ಹೆಚ್ಚು, ಈ ಜೋಡಿ ಇನ್ನೂ ತೊಂದರೆ. ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಥವಾ ಕಡುನೀಲಿ ಬರೆದರೆ ಸಾಕು.

ಯಾರ ಎತ್ತರಕ್ಕೆ?

ಫೋಟೋ ತೆಗೆದವರು ನಿಂತ ದೊಡ್ಡವರು. ಆರೇಳು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು 105ರಿಂದ 115 ಸೆಂ.ಮೀ. ಎತ್ತರದಲ್ಲಿರುತ್ತದೆ. ಮಂಡಿಯೂರಿ ಇನ್ನೊಂದು ಫೋಟೋ ತೆಗೆದರೆ ಮಗು ತಲೆ ಎತ್ತಿ ನೋಡಬೇಕಾದ್ದು ಎಷ್ಟು, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಕಿಟಕಿಯ ಬೆಳಕು ಎಲ್ಲಿ ಹೊಳೆಯುತ್ತದೆ ಎಂಬುದೆಲ್ಲ ಕಾಣುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿಕಲಿ ಪದ್ಧತಿಯ ತರಗತಿಗಳಲ್ಲಿ ಮಕ್ಕಳು ಬರೆಯುವ ಹಲಗೆ ಗೋಡೆಯ ತಳದಲ್ಲೇ ಇರುತ್ತದೆ. ಬುಲೆಟಿನ್ ಬೋರ್ಡಿಗೂ ಅದೇ ಲೆಕ್ಕ.

ಹೆಚ್ಚು ಅಲಂಕಾರ, ಹೆಚ್ಚು ಕಲಿಕೆ?

ಫಾರ್ವರ್ಡ್‌ಗಳಲ್ಲಿ ಸತ್ಯವೆಂಬಂತೆ ಓಡಾಡುವ ಮಾತು ಇದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಕಂಡದ್ದು ಇದಕ್ಕೆ ವಿರುದ್ಧ. 24 ಕಿಂಡರ್‌ಗಾರ್ಟನ್ ಮಕ್ಕಳಿಗೆ ಕೆಲವು ಪಾಠಗಳನ್ನು ಅಲಂಕಾರ ತುಂಬಿದ ಕೋಣೆಯಲ್ಲಿ, ಕೆಲವನ್ನು ಬೋಳು ಗೋಡೆಯ ಕೋಣೆಯಲ್ಲಿ ಹೇಳಿಕೊಟ್ಟರು. ಅಲಂಕಾರವಿದ್ದಾಗ ಮಕ್ಕಳ ಗಮನ ಪಾಠದಿಂದ ಹೆಚ್ಚು ಹೊತ್ತು ತಪ್ಪಿತು. ಪರೀಕ್ಷೆಯಲ್ಲಿ ಸರಿಯುತ್ತರ ಶೇ. 42, ಬೋಳು ಕೋಣೆಯಲ್ಲಿ ಶೇ. 55. ಇದು ಸಣ್ಣ ಅಧ್ಯಯನ. ಗೋಡೆಗಳನ್ನೆಲ್ಲ ಬೋಳು ಮಾಡಿ ಎಂದು ಇದರಿಂದ ಹೇಳಲಾಗದು, ಪಾಠಕ್ಕೆ ಸಂಬಂಧವಿಲ್ಲದ ಅಲಂಕಾರ ಗಮನ ಕದಿಯಬಲ್ಲದು ಎಂದಷ್ಟೇ ಹೇಳಬಹುದು. ಹಾಗಾಗಿ ಬುಲೆಟಿನ್ ಬೋರ್ಡನ್ನು ಕರಿಹಲಗೆಯ ಪಕ್ಕದಲ್ಲಿ ಹಾಕದೆ ಪಕ್ಕದ ಅಥವಾ ಹಿಂದಿನ ಗೋಡೆಯಲ್ಲಿ ಹಾಕುವುದು ಒಳ್ಳೆಯದು ಎಂದು ನಮಗನ್ನಿಸುತ್ತದೆ.

ಮಾದರಿ ಬೋರ್ಡನ್ನು ಮತ್ತೆ ಕಟ್ಟಿದರೆ

ಮೊದಲು ಹೂವು, ಚಿಟ್ಟೆ, ಗೊಂಬೆಗಳನ್ನು ತೆಗೆಯೋಣ. ‘ಜಲಚಕ್ರ’ ಎಂಬ ಶೀರ್ಷಿಕೆಯ ಬದಲು ಒಂದು ಪ್ರಶ್ನೆ: ‘ಅಂಗಳದ ನೀರು ಎಲ್ಲಿ ಹೋಯಿತು?’ ಹಳೆಯ ಹಾಳೆಯಲ್ಲಿ ‘ಸೂರ್ಯನ ಶಾಖದಿಂದ ಜಲಮೂಲಗಳ ನೀರು ಬಾಷ್ಪೀಕರಣಗೊಂಡು ಸಾಂದ್ರೀಕರಣದ ಮೂಲಕ ಮೋಡಗಳಾಗಿ ಪರಿವರ್ತನೆಗೊಳ್ಳುತ್ತದೆ’ ಎಂದಿತ್ತು. ಈಗ ಅದು ಮೂರು ಸಾಲು: ‘ಬಿಸಿಲಿಗೆ ನೀರು ಆವಿಯಾಗುತ್ತದೆ. ಆವಿ ಮೇಲೇರಿ ತಣ್ಣಗಾಗುತ್ತದೆ. ಮೋಡ ಕಟ್ಟುತ್ತದೆ.’ ಅಕ್ಷರ ದೊಡ್ಡದಾದರೆ ಮಾತು ತಾನಾಗಿಯೇ ಕಡಿಮೆಯಾಗುತ್ತದೆ, ಬೋರ್ಡಿನಲ್ಲಿ ಬೇರೆ ದಾರಿಯೇ ಇರುವುದಿಲ್ಲ. ನಡುವೆ ಒಂದೇ ದೊಡ್ಡ ಚಿತ್ರ. ಈ ಮೂರು ಸಾಲುಗಳ ಮೇಲೆ ಎತ್ತಿ ನೋಡುವ ಕಾಗದದ ಮುಚ್ಚಳ ಅಂಟಿಸಿದರೆ ಮಕ್ಕಳು ಮೊದಲು ಉತ್ತರ ಊಹಿಸಿ, ಆಮೇಲೆ ತೆರೆದು ನೋಡುತ್ತಾರೆ.

ಕೆಳಗಿನ ಒಂದು ಅಡಿ ಖಾಲಿ ಇರಲಿ, ಅದು ಮಕ್ಕಳದ್ದು. ಮಳೆ ನಿಂತ ಮೇಲೆ ಅಂಗಳದ ಹೊಂಡದ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ಗಂಟೆಗೊಮ್ಮೆ ನೀರಿನ ಅಂಚು ಎಲ್ಲಿಗೆ ಸರಿದಿದೆ ಎಂದು ಮತ್ತೆ ಗೆರೆ ಎಳೆಯಲಿ. ಅದನ್ನು ಹಾಳೆಯಲ್ಲಿ ಬಿಡಿಸಿ ಇಲ್ಲಿ ಅಂಟಿಸಲಿ. ಸಿಮೆಂಟ್ ಅಂಗಳದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಣ್ಣಿನಲ್ಲಾದರೆ ನೀರು ಇಂಗಿಯೂ ಹೋಗುತ್ತದೆ, ಅದೂ ಮಕ್ಕಳು ವಾದ ಮಾಡಬಹುದಾದ ವಿಷಯವೇ.

ಫೋಟೋ ಹೇಳಲಾಗದ್ದು ಮಕ್ಕಳ ಆಸಕ್ತಿ. ಅದಕ್ಕೆ ಎರಡು ದಿನ ಬಿಟ್ಟು ಬೋರ್ಡಿಗೆ ಬೆನ್ನು ಹಾಕಿ ನಿಂತ ಮಗುವನ್ನು ‘ಅಲ್ಲಿ ಏನಿದೆ ಹೇಳು’ ಎಂದು ಕೇಳಿ. ‘ಚಿಟ್ಟೆ’ ಎಂದರೆ ಅಲಂಕಾರ ಗೆದ್ದಿದೆ, ‘ನೀರು ಆವಿಯಾಗತ್ತೆ’ ಎಂದರೆ ಬೋರ್ಡ್ ಗೆದ್ದಿದೆ. ಕೆಲವು ವಾರಗಳಲ್ಲಿ ಯಾರೂ ಅತ್ತ ತಿರುಗದಿದ್ದರೆ ಪ್ರಶ್ನೆ ಬದಲಿಸುವ ಹೊತ್ತು.

ಇನ್ನೊಂದು ಮಾತು. ಗುಂಪಿನಲ್ಲಿ ಬಂದ ಫೋಟೋವನ್ನು ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ಕುಗ್ಗಿಸಿರುತ್ತದೆ. ಅದರಲ್ಲಿ ಅಕ್ಷರ ಮಸುಕಾಗಿದ್ದರೆ ತಪ್ಪು ಬೋರ್ಡಿನದೇ ಆಗಿರಬೇಕಿಲ್ಲ, ಮೂಲ ಫೋಟೋದಲ್ಲೇ ಪರೀಕ್ಷಿಸಿ. ನಿಮ್ಮ ಶಾಲೆಯ ಬೋರ್ಡನ್ನು ಹಂಚುವ ಮುನ್ನ ಅದರಲ್ಲಿರುವ ಮಕ್ಕಳ ಮುಖ, ಹೆಸರು, ಅಂಕಗಳನ್ನು ಮುಚ್ಚಿ ಕಳಿಸಿ.